ತುಳಸಿ ಲಗ್ನ ಮುಗಿದರೆ ಮದುವೆ ಸುಗ್ಗಿ: ಮೊದಲು ರುಚಿ ನೋಡ್ರಿ, ಆಮೇಲೆ ಮುಂಗಡ ಕೊಡ್ರಿ

ಹುಬ್ಬಳ್ಳಿ-ಧಾರವಾಡದ ಬಂಧುಗಳಿಗೆ ನಮಸ್ಕಾರ.

ಮುಹೂರ್ತ ಗೊತ್ತಾಯ್ತು, ಕಲ್ಯಾಣ ಮಂಟಪವೂ ಸಿಕ್ತು. ಇನ್ನು ಊಟದ ಚಿಂತೆ ನಮಗೆ ಬಿಡ್ರಿ.

ದಸರಾದಿಂದ ದೀಪಾವಳಿವರೆಗೆ ಪ್ರತಿ ಭಾನುವಾರ ಮಧ್ಯಾಹ್ನ 12ರಿಂದ 3ರವರೆಗೆ ವಿದ್ಯಾನಗರದ ನಮ್ಮ ಅಡುಗೆಮನೆಯಲ್ಲಿ ರುಚಿ ನೋಡುವ ಊಟ ಇರ್ತದ. ಒಂದು ಮನೆಯಿಂದ 6 ಮಂದಿಗೆ ಪೂರ್ತಿ ಉಚಿತ. ಅಡುಗೆ ಬಗ್ಗೆ ಕಟ್ಟುನಿಟ್ಟಾಗಿ ಮಾತಾಡುವ ಹಿರಿಯರನ್ನು ತಪ್ಪದೇ ಕರ್ಕೊಂಡು ಬರ್ರಿ, ಅವರು ಹೇಳಿದಂಗ ಖಾರ, ಹುಳಿ, ಬೆಲ್ಲ ಬರೆದಿಟ್ಟುಕೊಂಡು ಮದುವೆ ದಿನ ಅದೇ ಹದಕ್ಕೆ ಮಾಡ್ತೀವಿ.

ಎಲೆ ಮೇಲೆ ಏನೇನು? ಬಿಸಿ ಹೋಳಿಗೆ, ಮೇಲೆ ತುಪ್ಪ. ಬೇಳೆ ಬಸಿದ ನೀರಿನ ಕಟ್ಟಿನ ಸಾರು. ಶೇಂಗಾಪುಡಿ, ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ, ತೆಳ್ಳನೆ ಜೋಳದ ರೊಟ್ಟಿ, ಗೋಧಿ ಹುಗ್ಗಿ, ಕೋಸಂಬರಿ, ಕೆನೆಮೊಸರು. ಹೋಳಿಗೆಯನ್ನು ಮಾತ್ರ ಹಿಂದಿನ ದಿನ ಮಾಡಿಡುವುದಿಲ್ಲ. ಪಂಕ್ತಿ ಕೂರುವಾಗಲೇ ಹಂಚಿನಿಂದ ಇಳಿಸ್ತೀವಿ.

ರುಚಿ ನೋಡಿದ 7 ದಿನದೊಳಗೆ ಮುಂಗಡ ಕೊಟ್ಟರೆ, 500 ಎಲೆ ಮೇಲ್ಪಟ್ಟ ಮದುವೆಗೆ ಬೀಗರ ಬೆಳಗಿನ ಉಪ್ಪಿಟ್ಟು, ಶಿರಾ, ಚಹಾ 50 ಮಂದಿಗೆ ನಮ್ಮ ಕಡೆಯಿಂದ.

ನಮ್ಮಲ್ಲಿ ಈಗಾಗಲೇ ಮದುವೆ ಮಾಡಿದವರಿಗೆ ಒಂದು ಮಾತು: ನೀವು ಹೇಳಿ ಕಳಿಸಿದ ಮನೆಯವರು ಮುಂಗಡ ಕೊಟ್ಟರೆ, ನಿಮ್ಮ ಮನೆಯ ಕುಬಸಕ್ಕೋ ತೊಟ್ಟಿಲ ಕಾರ್ಯಕ್ಕೋ 25 ಎಲೆ ಊಟ ಉಚಿತ. ಅವರಿಗೂ ಪ್ರತಿ ಎಲೆಗೆ 5 ರೂಪಾಯಿ ಕಡಿಮೆ. ಬಂದಾಗ ನಿಮ್ಮ ಹೆಸರು ಹೇಳಿದರೆ ಸಾಕು.

ಒಂದೇ ದಿನ 2 ಮದುವೆಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಹಂಗಾಗಿ ಶುಕ್ರವಾರ ಸಂಜೆಯೊಳಗೆ ಮದುವೆ ತಾರೀಖು, ಮಂದಿ ಎಷ್ಟು, ರುಚಿ ನೋಡಲು ಬರುವವರು ಯಾರ್ಯಾರು ಅಂತ ಇದೇ ವಾಟ್ಸಾಪ್‌ಗೆ ಬರೆದು ಕಳಿಸ್ರಿ.