ವಿಷಯ: ಲ್ಯಾಪ್‌ಟಾಪ್ ತಾನಾಗೇ ಆಫ್ ಆಗುತ್ತಿದೆ, ಇದು ಮೂರನೇ ಟಿಕೆಟ್, ಬ್ಯಾಟರಿ ಉಬ್ಬಿದಂತಿದೆ, ಇಂದೇ ಬದಲಿ ಬೇಕು

ಐಟಿ ಹೆಲ್ಪ್‌ಡೆಸ್ಕ್‌ನವರಿಗೆ ನಮಸ್ಕಾರ,

ನಾನು ಹುಬ್ಬಳ್ಳಿ ಘಟಕದ ಅಕೌಂಟ್ಸ್ ವಿಭಾಗದ ಸವಿತಾ. ಪಕ್ಕದವರ ಕಂಪ್ಯೂಟರ್‌ನಿಂದ ಬರೆಯುತ್ತಿದ್ದೇನೆ. ನನ್ನ ಲ್ಯಾಪ್‌ಟಾಪ್ (ಅಸೆಟ್ ನಂಬರ್ HBL-0217) ಬಗ್ಗೆ ಆಗಸ್ಟ್‌ನಿಂದ ಇದು ಮೂರನೇ ಟಿಕೆಟ್. ಹಿಂದಿನ ಎರಡು ಸಲವೂ ವಿಂಡೋಸ್ ಅಪ್‌ಡೇಟ್ ಮಾಡಿ ಟಿಕೆಟ್ ಮುಚ್ಚಿದ್ದೀರಿ. ಎರಡು ಸಲವೂ ವಾರದೊಳಗೆ ತೊಂದರೆ ಮರಳಿತು.

ಆಗುವುದು ಇಷ್ಟು. ಚಾರ್ಜರ್ ತೆಗೆದು ಹತ್ತಿಪ್ಪತ್ತು ನಿಮಿಷ ಕೆಲಸ ಮಾಡಿದರೆ, ಬ್ಯಾಟರಿ ಇನ್ನೂ 40% ತೋರಿಸುತ್ತಿರುವಾಗಲೇ ಲ್ಯಾಪ್‌ಟಾಪ್ ಪಟ್ ಅಂತ ಆಫ್ ಆಗುತ್ತದೆ. ಎಚ್ಚರಿಕೆಯೂ ಇಲ್ಲ, ನೀಲಿ ಪರದೆಯೂ ಇಲ್ಲ. ಚಾರ್ಜರ್ ಹಾಕದೆ ಮತ್ತೆ ಆನ್ ಆಗುವುದಿಲ್ಲ. ಈ ವಾರ ಏಳು ಸಲ ಹೀಗಾಯಿತು. ಇವೆಂಟ್ ವ್ಯೂವರ್‌ನಲ್ಲಿ ಏಳು ಸಲವೂ Kernel-Power, Event ID 41 ಎಂದಿದೆ.

ನಾನು ಬೇರೆ ಚಾರ್ಜರ್, ಬೇರೆ ಪ್ಲಗ್ ಪಾಯಿಂಟ್ ಎರಡನ್ನೂ ನೋಡಿದೆ. ಪವರ್ ಬಟನ್ 30 ಸೆಕೆಂಡು ಒತ್ತಿ ಹಿಡಿದೂ ನೋಡಿದೆ. ಏನೂ ಬದಲಾಗಲಿಲ್ಲ. ನಿನ್ನೆ ಈ ಕಮಾಂಡ್ ಕೊಟ್ಟೆ:

```
powercfg /batteryreport
```

ಹೊಸದಾಗಿದ್ದಾಗ 45,000 mWh ಹಿಡಿಯುತ್ತಿದ್ದ ಬ್ಯಾಟರಿ ಈಗ ಪೂರ್ತಿ ಚಾರ್ಜ್ ಆದರೂ 18,900 ಮಾತ್ರ ಹಿಡಿಯುತ್ತಿದೆ. ವರದಿ ಲಗತ್ತಿಸಿದ್ದೇನೆ. ಇದು ವಿಂಡೋಸ್ ತೊಂದರೆ ಅಲ್ಲ ಅನ್ನುವುದು ನನಗೆ ಖಚಿತ. ದಯವಿಟ್ಟು ಈ ಸಲ ಮತ್ತೆ ಅಪ್‌ಡೇಟ್‌ನಿಂದ ಶುರು ಮಾಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ಇಂದು ಬೆಳಿಗ್ಗೆ ಕಂಡಿತು. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಅದರ ಒಂದು ಅಂಚು ಮೇಲಕ್ಕೆದ್ದಿದೆ. ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತದೆ. ಒಳಗೆ ಬ್ಯಾಟರಿ ಉಬ್ಬಿರಬೇಕು. ಹೆದರಿಕೆಯಾಗಿ ಕೂಡಲೇ ಚಾರ್ಜರ್ ತೆಗೆದು, ಆಫ್ ಮಾಡಿ, ಕಾಗದಪತ್ರಗಳಿಂದ ದೂರ ಇಟ್ಟಿದ್ದೇನೆ. ಇನ್ನು ಆನ್ ಮಾಡುವುದಿಲ್ಲ. ಯಾರೂ ಅದನ್ನು ಒತ್ತದಂತೆ ಚೀಟಿ ಅಂಟಿಸಿದ್ದೇನೆ. ತೆಗೆದುಕೊಂಡು ಹೋಗಲು ಬರುವವರಿಗೂ ಇದನ್ನು ಮೊದಲೇ ತಿಳಿಸಿ.

ಇಂದು ಶುಕ್ರವಾರ, ಸೆಪ್ಟೆಂಬರ್ 26. ಬುಧವಾರ ಆಯುಧ ಪೂಜೆ. ಹಬ್ಬಕ್ಕೆ ಮೊದಲೇ 64 ಜನರ ಸಂಬಳ ಖಾತೆಗೆ ಬೀಳಬೇಕೆಂದರೆ ಸೋಮವಾರ ಮಧ್ಯಾಹ್ನ 2ರೊಳಗೆ ಬ್ಯಾಂಕಿಗೆ ಫೈಲ್ ಹೋಗಬೇಕು. ಅವರಲ್ಲಿ ಜಾಸ್ತಿ ಜನ ಶಾಪ್‌ಫ್ಲೋರ್‌ನವರು, ಹಬ್ಬದ ಖರ್ಚಿಗೆ ಇದನ್ನೇ ನಂಬಿಕೊಂಡಿದ್ದಾರೆ.

ಹಾಗಾಗಿ ಇಂದು ಸಂಜೆಯೊಳಗೆ ಒಂದು ಬದಲಿ ಲ್ಯಾಪ್‌ಟಾಪ್ ಕೊಡಿ. ಡಿಜಿಟಲ್ ಸಹಿಯ ಟೋಕನ್ ನನ್ನ ಬಳಿಯಿದೆ. ಅದರ ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ನೀವೇ ಹಾಕಿಕೊಟ್ಟರೆ ಒಳ್ಳೆಯದು. ಈ ತಿಂಗಳ ಸಂಬಳದ ಎಕ್ಸೆಲ್ ಫೈಲ್ ಹಳೆಯ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್‌ನಲ್ಲೇ ಉಳಿದಿದೆ. ಶೇರ್ಡ್ ಫೋಲ್ಡರ್‌ನಲ್ಲಿರುವುದು ಮಂಗಳವಾರದ ಪ್ರತಿ. ಡಿಸ್ಕ್ ತೆಗೆದು ಅದನ್ನು ಕಾಪಿ ಮಾಡಿಕೊಡಿ, ಡಿಸ್ಕ್ ಅಳಿಸಬೇಡಿ.

ಸಂಜೆ 6:30ರವರೆಗೆ ನನ್ನ ಟೇಬಲ್‌ನಲ್ಲೇ ಇರುತ್ತೇನೆ, ಎಕ್ಸ್‌ಟೆನ್ಷನ್ 214. ನಾಳೆ ಶನಿವಾರ ಬರಬೇಕಾದರೂ ಬರುತ್ತೇನೆ.

ಇಂತಿ,
ಸವಿತಾ
ಅಕೌಂಟ್ಸ್ ವಿಭಾಗ, ಹುಬ್ಬಳ್ಳಿ ಘಟಕ