ಎಂಬತ್ತು ಬೋರ್

(ಪೀಣ್ಯದ ಒಂದು ಪಂಪ್ ಕಾರ್ಖಾನೆ. ಮಂಜುನಾಥ: ಪರ್ಚೇಸ್. ಶೈಲಜಾ: ಕ್ವಾಲಿಟಿ. ಆಫೀಸ್ ಚಾಟ್, 2024.)

ಏಪ್ರಿಲ್ 8, ಸೋಮವಾರ

ಮಂಜುನಾಥ, 4:12: ಮೇಡಂ, ಅಲ್ಯೂಮಿನಿಯಂ ಹೌಸಿಂಗ್ ಲಾಟ್ ಮತ್ತೆ ರಿಜೆಕ್ಟ್ ಆಗಿದೆಯಂತೆ. ಕಾರಣ?

ಶೈಲಜಾ, 4:15: ರಿಜೆಕ್ಷನ್ ನೋಟ್‌ನಲ್ಲಿ ಇದೆ ಸರ್.

ಮಂಜುನಾಥ, 4:15: ನೋಟ್‌ನಲ್ಲಿ "ಬೋರ್ ಓವರ್‌ಸೈಜ್" ಅಂತ ಎರಡು ಪದ ಇದೆ.

ಶೈಲಜಾ, 4:19: ಡ್ರಾಯಿಂಗ್ ಪ್ರಕಾರ ಒಳಗಿನ ತೂತು 80 ಎಚ್7. ಅಂದರೆ 80.000ದಿಂದ 80.030 ಎಂಎಂ. ಬಂದಿದ್ದು 80.038. ಇನ್ನೇನು ಬರೆಯಬೇಕು?

ಮಂಜುನಾಥ, 4:20: 120 ಪೀಸ್ ಮೇಡಂ. ನಾಳೆ ಯುಗಾದಿ ರಜೆ. ಬುಧವಾರ ಬೆಳಿಗ್ಗೆ ಅಸೆಂಬ್ಲಿ ಲೈನ್ ನಿಲ್ಲುತ್ತದೆ. ಅಳತೆ ಸ್ವಲ್ಪ ಹೆಚ್ಚಿದ್ದರೂ ಡೀವಿಯೇಷನ್‌ನಲ್ಲಿ ತಗೊಳ್ಳಿ.

ಶೈಲಜಾ, 4:21: ಬೇರಿಂಗ್ ಲೂಸಾಗಿ ಕಸ್ಟಮರ್ ಹತ್ತಿರ ಪಂಪ್ ಕಿರುಚಿದರೆ ಅಲ್ಲಿಗೆ ನೀವು ಹೋಗುತ್ತೀರಾ?

ಮಂಜುನಾಥ, 4:21: ಪ್ಲಾಂಟ್ ಹೆಡ್‌ಗೆ ಮೇಲ್ ಹಾಕುತ್ತಿದ್ದೇನೆ.

ಶೈಲಜಾ, 4:22: ಹಾಕಿ. ನನಗೂ ಸಿಸಿ ಇರಲಿ.

ಏಪ್ರಿಲ್ 10, ಬುಧವಾರ

ಮಂಜುನಾಥ, 5:34: ಮೇಡಂ, ಉಳಿದ ಲಾಟ್‌ನ ರಿಪೋರ್ಟ್?

ಮಂಜುನಾಥ, 5:41: ಮೇಡಂ?

ಮಂಜುನಾಥ, 5:52: ಓ, ಐದೂವರೆ ದಾಟಿದೆ. ಮರೆತಿದ್ದೆ.

ಶೈಲಜಾ, 9:05: ರಿಪೋರ್ಟ್ 5:10ಕ್ಕೇ ಶೇರ್ ಫೋಲ್ಡರ್‌ಗೆ ಹಾಕಿದ್ದೇನೆ. ಫೋಲ್ಡರ್ ತೆಗೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಳ್ಳೆಯದು.

ಏಪ್ರಿಲ್ 15, ಸೋಮವಾರ

ಮಂಜುನಾಥ, 3:40: ಇವತ್ತಿನ ಲಾಟೂ ಹೋಯಿತಾ?

ಶೈಲಜಾ, 3:41: ಹೋಯಿತು. 80.036.

ಮಂಜುನಾಥ, 3:43: ವರ್ಕ್‌ಶಾಪ್‌ನವರು ಡಿಸ್ಪ್ಯಾಚ್‌ಗೆ ಮುಂಚೆ ಅಳೆದಾಗ 80.012 ಇತ್ತಂತೆ. ಫೋಟೋ ಕಳಿಸಿದ್ದಾರೆ. ನಿಮ್ಮ ಬೋರ್ ಗೇಜ್ ಕ್ಯಾಲಿಬ್ರೇಷನ್ ಯಾವಾಗ ಆಗಿತ್ತು?

ಶೈಲಜಾ, 3:44: ಫೆಬ್ರವರಿಯಲ್ಲಿ. ಸರ್ಟಿಫಿಕೇಟ್ ಕಳಿಸಲೇ, ಫ್ರೇಮ್ ಹಾಕಿಸಿಕೊಳ್ಳಲು? ಅವರದು ಯಾವಾಗ ಆಗಿತ್ತು ಕೇಳಿ.

ಮಂಜುನಾಥ, 3:46: ಕೇಳುತ್ತೇನೆ. ಆ ಮನುಷ್ಯನ ಹತ್ತಿರ ಇರುವುದೇ ಎರಡು ಮಷೀನ್. ಎರಡು ಲಾಟ್‌ನ ದುಡ್ಡು ನಮ್ಮ ಹತ್ತಿರ ನಿಂತಿದೆ. ದಿನಾ ರಾತ್ರಿ ನನಗೆ ಫೋನ್ ಮಾಡುತ್ತಾರೆ. ನಿಮಗೆ ಮಾಡುವುದಿಲ್ಲವಲ್ಲ.

ಶೈಲಜಾ, 3:58: ಅದು ನನಗೆ ಗೊತ್ತಿರಲಿಲ್ಲ.

ಶೈಲಜಾ, 3:58: ಆದರೂ 80.036 ಅಂದರೆ 80.036.

ಏಪ್ರಿಲ್ 18, ಗುರುವಾರ

ಮಂಜುನಾಥ, 11:20: ಒಂದು ವಿಷಯ. ಸೆಕ್ಯುರಿಟಿಯಿಂದ ಇನ್‌ವರ್ಡ್ ರಿಜಿಸ್ಟರ್ ತಗೊಂಡು ನೋಡಿದೆ. ಫೆಬ್ರವರಿಯಿಂದ ಇದೇ ವರ್ಕ್‌ಶಾಪ್‌ನ ಎಲ್ಲ ಲಾಟ್.

ಶೈಲಜಾ, 11:21: ನನ್ನ ವಿರುದ್ಧ ಸಾಕ್ಷಿ ಸಿಕ್ಕಿತಾ?

ಮಂಜುನಾಥ, 11:23: ಸಿಕ್ಕಿತು. ಬೆಳಿಗ್ಗೆ ಬಂದ ಲಾಟ್ ಎಲ್ಲ ಪಾಸ್. ಮಧ್ಯಾಹ್ನ ಎರಡರ ಮೇಲೆ ಬಂದಿದ್ದು ಮಾತ್ರ ಫೇಲ್. ಊಟ ಆದಮೇಲೆ ನಿಮಗೆ ಸಿಟ್ಟು ಜಾಸ್ತಿ ಅಂತ ಕಾಣುತ್ತೆ.

ಶೈಲಜಾ, 11:24: ಹಾಸ್ಯಕ್ಕೆ ಬೇರೆ ಸಮಯ ಇಟ್ಟುಕೊಳ್ಳಿ.

ಶೈಲಜಾ, 11:37: ಆ ರಿಜಿಸ್ಟರ್ ಫೋಟೋ ಕಳಿಸಿ.

ಶೈಲಜಾ, 11:52: ಟೆಂಪೊಗೆ ಟಾಪ್ ಇದೆಯಾ?

ಮಂಜುನಾಥ, 11:53: ಇಲ್ಲ, ಓಪನ್. ಯಾಕೆ?

ಶೈಲಜಾ, 11:53: ಗೇಟ್ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತದೆ?

ಮಂಜುನಾಥ, 11:55: ಸ್ಟೋರ್ಸ್‌ನವರು ಊಟ ಮುಗಿಸಿ ಬರುವವರೆಗೂ. ಒಂದು ಗಂಟೆ, ಒಂದೊಂದು ಸಲ ಒಂದೂವರೆ. ಏನು ಯೋಚನೆ ಮಾಡುತ್ತಿದ್ದೀರಿ?

ಶೈಲಜಾ, 11:56: ಇವತ್ತು ಮಧ್ಯಾಹ್ನ ಬರುವ ಲಾಟ್ ಮೇಲೆ ರಿಜೆಕ್ಷನ್ ಟ್ಯಾಗ್ ಹಾಕುವುದಿಲ್ಲ. ನೀವೂ ಯಾರಿಗೂ ಮೇಲ್ ಹಾಕಬೇಡಿ. ನಾಳೆ ಬೆಳಿಗ್ಗೆ ಹೇಳುತ್ತೇನೆ.

ಏಪ್ರಿಲ್ 19, ಶುಕ್ರವಾರ

ಶೈಲಜಾ, 8:14: ಬಂದಿದ್ದೀರಾ?

ಮಂಜುನಾಥ, 8:16: ಮೆಟ್ರೋದಲ್ಲಿ, ಗೊರಗುಂಟೆಪಾಳ್ಯ. ಹೇಳಿ.

ಶೈಲಜಾ, 8:18: ನಿನ್ನೆ ಎರಡೂವರೆಗೆ ಹತ್ತು ಪೀಸ್ ಅಳೆದು ನಂಬರ್ ಹಾಕಿಟ್ಟಿದ್ದೆ. ಪೀಸ್ 41 ಡಿಗ್ರಿ, ರೂಮ್ 27. ಮೊದಲ ಪೀಸ್ 80.038. ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟೆ. ಈಗ ಅದೇ ಪೀಸ್, ಅದೇ ಗೇಜ್: 80.012.

ಮಂಜುನಾಥ, 8:19: ಬಿಸಿಲಾ!

ಶೈಲಜಾ, 8:20: ಬಿಸಿಲು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 80 ಎಂಎಂಗೆ ಒಂದು ಡಿಗ್ರಿಗೆ ಹತ್ತಿರ ಹತ್ತಿರ 1.84 ಮೈಕ್ರಾನ್. 14 ಡಿಗ್ರಿಗೆ 26, ಅಂದರೆ 0.026 ಎಂಎಂ. ಲೆಕ್ಕ ಕೂದಲಷ್ಟೂ ಆಚೀಚೆ ಇಲ್ಲ.

ಮಂಜುನಾಥ, 8:22: ಒಂದು ಡೌಟು. ಲೋಹ ಹಿಗ್ಗಿದರೆ ಒಳಗಿನ ತೂತು ಸಣ್ಣದಾಗಬೇಕಲ್ವಾ?

ಶೈಲಜಾ, 8:23: ತೂತೂ ಹಿಗ್ಗುತ್ತದೆ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿಲ್ಲವಾ?

ಮಂಜುನಾಥ, 8:25: ಅಯ್ಯೋ ನೋಡದೆ! ತಿಪಟೂರಿನವನು ನಾನು. ಸುತ್ತ ಬೆಂಕಿ ಹಾಕಿ ಕಾಯಿಸಿ, ಕೂರಿಸಿ, ನೀರು ಹೊಯ್ಯುತ್ತಿದ್ದರು. ನೀರು ಹೊತ್ತು ತರುವುದು ನಮ್ಮಂಥ ಹುಡುಗರ ಕೆಲಸ. ಅರ್ಥವಾಯಿತು.

ಮಂಜುನಾಥ, 8:31: ಇದನ್ನು ಪ್ಲಾಂಟ್ ಹೆಡ್‌ಗೆ ಹೇಳಿದಿರಾ?

ಶೈಲಜಾ, 8:32: ಇಲ್ಲ. ರಾತ್ರಿ ಫೋನ್ ಬರುವುದು ನಿಮಗೆ ಅಲ್ವಾ.

ಮಂಜುನಾಥ, 10:05: ಮೇಲ್ ಡ್ರಾಫ್ಟ್ ಮಾಡಿದ್ದೇನೆ, ನೋಡಿ: "ಸಪ್ಲೈಯರ್ ಟೆಂಪೊಗೆ ಟಾರ್ಪಾಲಿನ್ ಹಾಕದ ಕಾರಣ ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಿದೆ. ಸರಿಪಡಿಸಲು ತಿಳಿಸಲಾಗಿದೆ."

ಶೈಲಜಾ, 10:09: ಕ್ವಾಲಿಟಿ ಹೆಸರೇ ಇಲ್ಲವಲ್ಲ.

ಮಂಜುನಾಥ, 10:10: ಬೇಕಂತಲೇ ಬಿಟ್ಟೆ. ತುಮಕೂರು ಯೂನಿಟ್ ಪೋಸ್ಟ್‌ಗೆ ನೀವೂ ಅರ್ಜಿ ಹಾಕಿದ್ದೀರಿ ಅಂತ ಕೇಳಿದೆ. ಈಗ ಇದೆಲ್ಲ ಬೇಡ ಅನ್ನಿಸಿತು.

ಶೈಲಜಾ, 10:11: ನೀವೂ ಹಾಕಿದ್ದೀರಿ.

ಮಂಜುನಾಥ, 10:11: ಹೌದು.

ಶೈಲಜಾ, 10:18: ಮಂಜುನಾಥ್ ಅವರೇ, ಎರಡು ಮಷೀನ್ ಇಟ್ಟುಕೊಂಡವರ ತಲೆಗೆ ಇದನ್ನು ಕಟ್ಟುವುದು ಬೇಡ. ಪೀಸ್ ರೂಮ್ ತಾಪಮಾನಕ್ಕೆ ಬರುವವರೆಗೆ ಕಾಯಬೇಕು ಅಂತ ನಮ್ಮ ಇನ್‌ಸ್ಪೆಕ್ಷನ್ ಶೀಟ್‌ನಲ್ಲೇ ಇಲ್ಲ. ಇನ್ನು ಮೇಲೆ ಇರುತ್ತದೆ. ಗೇಟ್‌ನಲ್ಲಿ ಗಾಡಿ ನಿಲ್ಲಿಸುವುದು ಸ್ಟೋರ್ಸ್ ತಪ್ಪು. ಮೂರೂ ಬರೆಯಿರಿ. ನನ್ನ ರೀಡಿಂಗ್ ಟೇಬಲ್ ಸೇರಿಸಿ. ಇಬ್ಬರ ಹೆಸರಲ್ಲೂ ಹೋಗಲಿ.

ಮಂಜುನಾಥ, 10:20: ಖಂಡಿತಾನಾ?

ಶೈಲಜಾ, 10:20: "ಕಂಡುಬಂದಿದೆ", "ತಿಳಿಸಲಾಗಿದೆ" ಇವನ್ನೂ ತೆಗೆಯಿರಿ. ತಾಲೂಕು ಆಫೀಸ್ ಪತ್ರದ ಹಾಗಿದೆ.

ಮಂಜುನಾಥ, 3:02: ನಿಂತಿದ್ದ ಲಾಟ್ ಎಲ್ಲ ಕ್ಲಿಯರ್ ತಾನೇ?

ಶೈಲಜಾ, 3:04: ಎಲ್ಲವನ್ನೂ ಮತ್ತೆ ಅಳೆಸಿದೆ. ಒಂಬತ್ತು ಪೀಸ್ ತಣ್ಣಗಾದ ಮೇಲೂ ಓವರ್‌ಸೈಜ್. ಅವು ರಿಜೆಕ್ಟ್.

ಮಂಜುನಾಥ, 3:04: ಬಿಡುವುದಿಲ್ಲ ನೀವು!

ಶೈಲಜಾ, 3:05: ಬಿಡುವುದಿಲ್ಲ.

ಏಪ್ರಿಲ್ 25, ಗುರುವಾರ

ಮಂಜುನಾಥ, 5:26: ಇನ್ನೂ ಸೀಟಲ್ಲೇ ಇದ್ದೀರಾ? ಹೊರಡಿ, ಟೈಮ್ ಆಯಿತು.

ಶೈಲಜಾ, 5:27: ಕಾಲೆಳೆಯುತ್ತಿದ್ದೀರಾ?

ಮಂಜುನಾಥ, 5:28: ಇಲ್ಲ. ಚಿಕ್ಕಬಾಣಾವರದಲ್ಲಿ ರೈಲು ತಪ್ಪಿದರೆ ನಿಮಗೆ ಮನೆ ಸೇರುವಾಗ ಒಂಬತ್ತೂವರೆ ಅಂತ ಸ್ಟೋರ್ಸ್ ರೂಪಾ ಹೇಳಿದರು. ತುಮಕೂರು ಪಕ್ಕದ ಕ್ಯಾತ್ಸಂದ್ರದಿಂದ ದಿನಾ ಬರುತ್ತೀರಂತೆ. ನಾನು ಹೆಸರಘಟ್ಟ ರೋಡ್ ಅಂದುಕೊಂಡಿದ್ದೆ.

ಶೈಲಜಾ, 5:29: ಅಳತೆ ಮಾಡದೆ ಅಂದುಕೊಳ್ಳಬಾರದು.

ಮಂಜುನಾಥ, 5:29: ನಾಳೆ ವೋಟಿಂಗ್, ಇವತ್ತು ಊರಿಗೆ ಹೋಗುವವರ ರಶ್ ಇರುತ್ತೆ. ನನ್ನ ಬೈಕ್ ಇವತ್ತು ಇಲ್ಲೇ ಇದೆ, ಸ್ಟೇಷನ್‌ವರೆಗೆ ಬಿಡಲಾ?

ಶೈಲಜಾ, 5:30: ಗೇಟ್ ಹತ್ತಿರ ಬರುತ್ತೇನೆ. ಎಕ್ಸ್‌ಟ್ರಾ ಹೆಲ್ಮೆಟ್ ಇದೆಯಾ?

ಮಂಜುನಾಥ, 5:30: ಇದೆ. ಐಎಸ್ಐ ಮಾರ್ಕೂ ಇದೆ. ಇನ್‌ಸ್ಪೆಕ್ಷನ್ ಮಾಡಿಯೇ ಹಾಕಿಕೊಳ್ಳಿ.

ಮೇ 13, ಸೋಮವಾರ

ಶೈಲಜಾ, 9:40: ಇಂಟರ್‌ವ್ಯೂ ಹನ್ನೊಂದಕ್ಕೆ ನಿಮ್ಮದು, ಹನ್ನೆರಡಕ್ಕೆ ನನ್ನದು. ಆಲ್ ದಿ ಬೆಸ್ಟ್ ಅಂತ ಮನಸಾರೆ ಹೇಳಲು ಆಗುತ್ತಿಲ್ಲ.

ಮಂಜುನಾಥ, 9:41: ನನಗೂ ಅಷ್ಟೇ. ಒಂಬತ್ತು ವರ್ಷದಿಂದ ಪರ್ಚೇಸ್‌ನಲ್ಲೇ ಕೂತಿದ್ದೇನೆ. ಇದು ಕೈ ತಪ್ಪಿದರೆ ಇನ್ನು ಯಾವಾಗಲೋ.

ಶೈಲಜಾ, 9:43: ನನಗೆ ದಿನಕ್ಕೆ ನಾಲ್ಕು ಗಂಟೆ ಉಳಿಯುತ್ತೆ.

ಮಂಜುನಾಥ, 12:04: ಮುಗೀತು. ಇನ್‌ವೆಂಟರಿ ಬಗ್ಗೆ ಜಾಸ್ತಿ ಕೇಳುತ್ತಾರೆ. ಮಿನಿಮಮ್ ಸ್ಟಾಕ್ ಹೇಗೆ ನಿರ್ಧರಿಸುತ್ತೀರಿ ಅಂದರೆ ಲೀಡ್ ಟೈಮ್‌ನಿಂದ ಶುರು ಮಾಡಿ. ನಿಮ್ಮದು ಲೇಟಾಗಿ ಶುರುವಾಗುತ್ತೆ, ಇನ್ನೂ ಹತ್ತು ನಿಮಿಷ ಇದೆ.

ಶೈಲಜಾ, 1:10: ಅದನ್ನೇ ಕೇಳಿದರು.

ಶೈಲಜಾ, 1:10: ಯಾಕೆ ಹೇಳಿದಿರಿ?

ಮಂಜುನಾಥ, 1:15: ಊಟಕ್ಕೆ ಬನ್ನಿ. ಕ್ಯಾಂಟೀನ್‌ನಲ್ಲಿ ಮುದ್ದೆ ಖಾಲಿಯಾಗುತ್ತಿದೆ.

ಮೇ 22, ಬುಧವಾರ

ಮಂಜುನಾಥ, 4:50: ಅಭಿನಂದನೆ.

ಶೈಲಜಾ, 4:51: ಮಂಜುನಾಥ್ ಅವರೇ...

ಶೈಲಜಾ, 5:15: ಕೆಳಗೆ ಬರುತ್ತೀರಾ, ಟೀಗೆ?

ಮೇ 24, ಶುಕ್ರವಾರ

ಶೈಲಜಾ, 10:30: ಎರಡು ದಿನದಿಂದ ಒಂದು ಮೆಸೇಜ್ ಇಲ್ಲ. ಒಂದು ಜಗಳಾನೂ ಇಲ್ಲ.

ಮಂಜುನಾಥ, 10:48: ಬೇಜಾರಾಗಿತ್ತು. ಸುಳ್ಳು ಯಾಕೆ ಹೇಳಲಿ. ನಿಮ್ಮ ಮೇಲಲ್ಲ. ಅಂದರೆ, ಮೊದಲ ದಿನ ಸ್ವಲ್ಪ ನಿಮ್ಮ ಮೇಲೂ.

ಶೈಲಜಾ, 10:49: ಇವತ್ತು?

ಮಂಜುನಾಥ, 10:52: ಇವತ್ತು ಹೊಸ ಕ್ವಾಲಿಟಿ ಹುಡುಗನ ಜೊತೆ ಮಾತಾಡಿದೆ. ಏನು ಕೇಳಿದರೂ "ಓಕೆ ಸರ್" ಅನ್ನುತ್ತಾನೆ. ಭಯವಾಗುತ್ತಿದೆ. ಹೋಗುವ ಮುಂಚೆ ಅವನಿಗೆ "ಇಲ್ಲ" ಅನ್ನುವುದನ್ನು ಕಲಿಸಿ.

ಶೈಲಜಾ, 10:53: ಮೊದಲು ನಿಮ್ಮ ಮೇಲೇ ಅಭ್ಯಾಸ ಮಾಡಿಸುತ್ತೇನೆ.

ಜೂನ್ 27, ಗುರುವಾರ

ಶೈಲಜಾ, 11:15: ವಸಂತನರಸಾಪುರದಿಂದ ನಮಸ್ಕಾರ. ಡಿಜಿಟಲ್ ಥರ್ಮಾಮೀಟರ್ ಎರಡು ಬೇಕು ಅಂತ ಇಂಡೆಂಟ್ ಹಾಕಿ ಒಂದು ವಾರ ಆಯಿತು. ಪಿಒ ಎಲ್ಲಿ?

ಮಂಜುನಾಥ, 11:17: ಮೂರು ಕೊಟೇಷನ್ ಬೇಕು ಮೇಡಂ. ಎರಡೇ ಬಂದಿದೆ.

ಶೈಲಜಾ, 11:17: ಒಂದು ಟಿಫನ್ ಬಾಕ್ಸ್ ಬೆಲೆಯ ಸಾಮಾನಿಗೆ ಮೂರು ಕೊಟೇಷನ್ನಾ?

ಮಂಜುನಾಥ, 11:18: 80.036 ಅಂದರೆ 80.036 ಅಂದವರು ಯಾರೋ ಇದ್ದರು.

ಶೈಲಜಾ, 11:19: ಪ್ಲಾಂಟ್ ಹೆಡ್‌ಗೆ ಮೇಲ್ ಹಾಕುತ್ತೇನೆ.

ಮಂಜುನಾಥ, 11:19: ಹಾಕಿ. ತುಮಕೂರಿಗೆ ಈಗ ನೀವೇ ಪ್ಲಾಂಟ್ ಹೆಡ್. ನಿಮಗೆ ನೀವೇ ಸಿಸಿ ಇಟ್ಟುಕೊಳ್ಳಿ.

ಶೈಲಜಾ, 11:26: ಸರಿ, ಶನಿವಾರ ಸಪ್ಲೈಯರ್ ವಿಸಿಟ್‌ಗೆ ಈ ಕಡೆ ಬರುತ್ತೀರಂತೆ?

ಮಂಜುನಾಥ, 11:27: ಬರುತ್ತೇನೆ. ಹೌಸಿಂಗ್ ಲಾಟ್ ಟೆಂಪೊದಲ್ಲೇ, ಡ್ರೈವರ್ ಪಕ್ಕ ಕೂತು. ಹತ್ತು ಗಂಟೆ ಆಗಬಹುದು.

ಶೈಲಜಾ, 11:28: ಎಂಟಕ್ಕೆ ಕ್ಯಾತ್ಸಂದ್ರಕ್ಕೆ ಬಂದುಬಿಡಿ. ತಟ್ಟೆ ಇಡ್ಲಿ ತಿಂದು ಒಟ್ಟಿಗೆ ಹೋಗೋಣ. ಹತ್ತಕ್ಕೆ ಬಂದರೆ ಜನ ಜಾಸ್ತಿ, ಚಟ್ನಿ ನೀರಾಗಿರುತ್ತೆ.

ಮಂಜುನಾಥ, 11:29: ಇಡ್ಲಿ ಎಷ್ಟು ಎಂಎಂ?

ಶೈಲಜಾ, 11:29: ವರ್ನಿಯರ್ ತರುತ್ತೇನೆ. ಬಿಲ್ ನಿಮ್ಮದು.

ಮಂಜುನಾಥ, 11:30: ಬಿಲ್ಲಿಗೂ ಮೂರು ಕೊಟೇಷನ್ ಬೇಕಾಗುತ್ತೆ.