ಇಳಕಲ್ ಸೀರೆ ವಿಡಿಯೋ: ಶೂಟ್ ಮುಗೀತು, ಇನ್ನು ಉಳಿದಿರೋ ಕೆಲ್ಸ

ಎಲ್ರಿಗೂ ಥ್ಯಾಂಕ್ಸ್, ಮೂರು ದಿನ ಮಗ್ಗದ ಗುಂಡಿ ಪಕ್ಕ ಬಗ್ಗಿ ಬಗ್ಗಿ ಶೂಟ್ ಮಾಡಿದೀರ, ಮಲ್ಕೊಳೋಕ್ ಮುಂಚೆ ಇದನ್ನ ಒಂದ್ಸಲ ಪೂರ್ತಿ ಓದಿ.

ಮೊದ್ಲು ಕಾರ್ಡ್‌ಗಳು. ಆರೂ ಕಾರ್ಡ್ ಎರಡು ಹಾರ್ಡ್‌ಡಿಸ್ಕ್‌ಗೆ ಕಾಪಿ ಆಗಿ ಚೆಕ್‌ಸಮ್ ಮ್ಯಾಚ್ ಆಗೋವರ್ಗೂ ಯಾರೂ ಫಾರ್ಮ್ಯಾಟ್ ಮಾಡ್ಬೇಡಿ. ನಾಲ್ಕನೇ ಕಾರ್ಡ್ ಸಂಜೆ ಅರ್ಧದಲ್ಲಿ ಎರರ್ ಕೊಡ್ತು, ರೀಡರ್ ಬದಲಾಯಿಸಿ ಮತ್ತೆ ಹಾಕಿದೀನಿ. ಅದ್ರಲ್ಲೇ ಅಜ್ಜಿ ಕೊಂಡಿ ಹಾಕೋ ಶಾಟ್ ಇರೋದು, ಮೈ ಹಾಸಿನ ಎಳೆಗೆ ಸೆರಗಿನ ಎಳೆ ಒಂದೊಂದಾಗಿ ಸಿಕ್ಕಿಸ್ತಾ ಹೋಗೋದು, ಅದು ಹೋದ್ರೆ ನಮ್ ವಿಡಿಯೋನೇ ಇಲ್ಲ. ಒಂದು ಡಿಸ್ಕ್ ನನ್ ಬ್ಯಾಗಲ್ಲಿ, ಇನ್ನೊಂದು ಕ್ಯಾಮೆರಾ ಅಣ್ಣನ ಬ್ಯಾಗಲ್ಲಿ, ಒಂದೇ ಗಾಡೀಲಿ ಬೇಡ. ಬೆಂಗಳೂರಿಗೆ ಬಂದ್ಮೇಲೆ ಮೂರನೇ ಕಾಪಿ ಕ್ಲೌಡ್‌ಗೆ.

ಲೆನ್ಸು, ಲೈಟು ಎಲ್ಲ ನಾಳೆ ಸಂಜೆ 6ರೊಳಗೆ ರೆಂಟಲ್‌ಗೆ ವಾಪಸ್, ಒಂದು ಸಿ ಸ್ಟ್ಯಾಂಡ್ ಮಗ್ಗದ ಮನೇಲೇ ಉಳಿದಿದೆ ಅನ್ಸುತ್ತೆ, ಹೊರಡೋ ಮುಂಚೆ ನೋಡಿ. ಊಟ, ಡೀಸೆಲ್ ಬಿಲ್ ಫೋಟೋ ಭಾನುವಾರದೊಳಗೆ ನಂಗೆ ಕಳ್ಸಿ. ನೇಕಾರರ ಒಪ್ಪಿಗೆ ಪತ್ರ ಏಳರಲ್ಲಿ ಆರು ಸಿಕ್ಕಿದೆ, ಬಣ್ಣ ಹಾಕೋ ಕಾಕಾ ಅವ್ರದ್ದು ಬಾಕಿ, ಬೆಳಿಗ್ಗೆ ನಾನೇ ಹೋಗಿ ಓದಿ ಹೇಳಿ ಸಹಿ ಹಾಕಿಸ್ಕೊಂಡ್ ಬರ್ತೀನಿ.

ಎಡಿಟ್ ಸೋಮವಾರ 17ಕ್ಕೆ ಶುರು, ಅವತ್ತೇ ಪ್ರಾಕ್ಸಿ ಮತ್ತು ಆಡಿಯೋ ಸಿಂಕ್. ಗುರುವಾರ 20ಕ್ಕೆ ರಫ್ ಕಟ್ ನಮ್ಮೊಳಗೆ, ಶನಿವಾರ 22ಕ್ಕೆ ಕ್ಲೈಂಟ್‌ಗೆ. ಅವ್ರ ಕರೆಕ್ಷನ್ ಎರಡೇ ರೌಂಡು, ಅಗ್ರಿಮೆಂಟಲ್ಲೇ ಇದೆ, ಎಲ್ಲಾ ಟೈಮ್‌ಕೋಡ್ ಹಾಕಿ ಒಂದೇ ಮೇಲಲ್ಲಿ ಬರ್ಲಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. 26ಕ್ಕೆ ಪಿಕ್ಚರ್ ಲಾಕ್, ಆಮೇಲೆ ಒಂದು ಫ್ರೇಮೂ ಅಲ್ಲಾಡಂಗಿಲ್ಲ. 27ರಿಂದ 29 ಕಲರ್ ಮತ್ತು ಸೌಂಡ್. ಕಲರಲ್ಲಿ ಸೆರಗಿನ ಕೆಂಪು ಕಿತ್ತಳೆ ಆಗ್ಬಾರ್ದು, ಸೀರೆ ಒಂದು ತಂದಿದೀನಿ, ಪಕ್ಕದಲ್ಲಿ ಇಟ್ಕೊಂಡೇ ಗ್ರೇಡ್ ಮಾಡಿ. ಮಗ್ಗದ ಸದ್ದು ಬೇರೆಯಾಗಿ ನಾಲ್ಕು ನಿಮಿಷ ರೆಕಾರ್ಡ್ ಮಾಡಿದೀವಿ, ಮ್ಯೂಸಿಕ್ ಕೆಳಗೆ ಅದನ್ನ ಮುಚ್ಚಾಕ್ಬೇಡಿ ಪ್ಲೀಸ್.

ಡಿಸೆಂಬರ್ 1ಕ್ಕೆ ಡೆಲಿವರಿ, ಲಿಂಕ್ ಕಳ್ಸೋ ಮುಂಚೆ ಇಷ್ಟಕ್ಕೂ ಟಿಕ್ ಬಿದ್ದಿರ್ಬೇಕು:

- 2 ನಿಮಿಷದ ಮಾಸ್ಟರ್, 3840×2160, 25 ಎಫ್‌ಪಿಎಸ್, ಪ್ರೋರೆಸ್: `ILKAL_MASTER_2MIN_v03.mov`
- ಯೂಟ್ಯೂಬ್‌ಗೆ ಹೆಚ್.264 ಕಾಪಿ
- 30 ಸೆಕೆಂಡಿನ ಮೂರು ರೀಲ್ಸ್, 1080×1920. ಸುಮ್ನೆ ಮಧ್ಯ ಕ್ರಾಪ್ ಮಾಡ್ಬೇಡಿ, ಕೈ ಎಲ್ಲಿದೆ ನೋಡಿ ರೀಫ್ರೇಮ್ ಮಾಡಿ
- ಟೆಕ್ಸ್ಟ್ ಇಲ್ದಿರೋ ಕ್ಲೀನ್ ವರ್ಷನ್
- ಕನ್ನಡ, ಇಂಗ್ಲಿಷ್ ಸಬ್‌ಟೈಟಲ್ `.srt`. ಅಜ್ಜಿ ಮಾತು ಅವ್ರ ಭಾಷೇಲೇ ಇರ್ಲಿ, ತಿದ್ದೋದ್ ಬೇಡ
- ವಾಯ್ಸ್, ಮ್ಯೂಸಿಕ್, ಎಫೆಕ್ಟ್ಸ್ ಬೇರೆ ಬೇರೆ ಟ್ರ್ಯಾಕ್
- ಮ್ಯೂಸಿಕ್ ಲೈಸೆನ್ಸ್, ಒಪ್ಪಿಗೆ ಪತ್ರಗಳ ಸ್ಕ್ಯಾನ್
- ಥಂಬ್‌ನೇಲ್ ಎರಡು

ಎಕ್ಸ್‌ಪೋರ್ಟ್ ಆದ್ಮೇಲೆ ಶುರುವಿಂದ ಕೊನೇವರ್ಗೂ ಹೆಡ್‌ಫೋನಲ್ಲಿ ಒಮ್ಮೆ, ಮೊಬೈಲಲ್ಲಿ ಒಮ್ಮೆ ನೋಡಿ. ವಾಟರ್‌ಮಾರ್ಕ್ ಇಲ್ದಿರೋ ಫೈಲ್ ಬಾಕಿ 40% ಬಂದ್ಮೇಲೆ ಮಾತ್ರ. ರಾ ಫುಟೇಜ್ ಕೇಳಿದ್ರೆ ನನ್ ಹತ್ರ ಮಾತಾಡೋಕೆ ಹೇಳಿ.

ಆಮೇಲೆ ಅಜ್ಜಿಗೆ ಫೋಟೋ ಪ್ರಿಂಟ್ ಹಾಕಿಸ್ ಕೊಡ್ತೀವಿ ಅಂದಿದೀವಲ್ಲ, ಸ್ಟಿಲ್ಸ್ ತೆಗ್ದೋರು ಒಳ್ಳೆ ಐದು ಸೆಲೆಕ್ಟ್ ಮಾಡಿ ಬುಧವಾರ ಕಳ್ಸಿ, ಕೊರಿಯರ್ ನಾನ್ ಮಾಡ್ತೀನಿ.